ವೈರ್ ಕಾಯಿಲ್‌ನ ಲೇಬಲ್ ಓದುವುದು ಹೇಗೆ?

ಗುಮ್ಮಳಾಪುರದ ಮನೆಯೊಂದರ ಕೋಣೆಗೆ ಹೊಸೂರಿನಿಂದಲೋ ಆನೇಕಲ್‌ನಿಂದಲೋ ವೈರ್ ತರಿಸುತ್ತೀರಿ ಎನ್ನಿ. ಅಂಗಡಿಯವರು ವಾಟ್ಸಾಪ್‌ನಲ್ಲಿ ಲೇಬಲ್‌ನ ಫೋಟೊ ಕಳಿಸಿದ್ದಾರೆ. ಹಣ ಕೊಡುವ ಮುನ್ನ ಹೀಗೆ ನೋಡಿ.

1. ಫೋಟೊ ಸರಿಯಾಗಿ ಕೇಳಿ. ಲೇಬಲ್, ವೈರಿನ ಮೈಮೇಲಿನ ಅಚ್ಚು, ಕತ್ತರಿಸಿದ ತುದಿ, ಮೂರೂ ಒಂದೇ ಫೋಟೊದಲ್ಲಿರಲಿ. ಲೇಬಲ್ ಒಂದನ್ನೇ ನಕಲು ಮಾಡುವುದು ಸುಲಭ. ಲೇಬಲ್‌ನಲ್ಲಿರುವ ಬ್ರ್ಯಾಂಡ್ ಮತ್ತು ಅಳತೆ ವೈರಿನ ಮೇಲೂ ಇರಬೇಕು.

2. ಪರವಾನಗಿ ಸಂಖ್ಯೆ ಪರೀಕ್ಷಿಸಿ. ಐಎಸ್‌ಐ ಗುರುತಿನ ಮೇಲೆ `IS 694`, ಕೆಳಗೆ `CM/L` ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಆ್ಯಪ್‌ನ `Verify Licence Details` ವಿಭಾಗದಲ್ಲಿ ಅದನ್ನು ಟೈಪ್ ಮಾಡಿ. ಅಲ್ಲಿ ಬರುವ ಕಂಪನಿಯ ಹೆಸರು, ವಿಳಾಸ ಲೇಬಲ್‌ಗೆ ಹೊಂದದಿದ್ದರೆ ಅಥವಾ ಅವಧಿ ಮುಗಿದಿದ್ದರೆ ಬೇಡವೆನ್ನಿ. ಹೊಂದಿದರೂ ಪರೀಕ್ಷೆ ಮುಗಿದಿಲ್ಲ. ನಕಲಿಯವರು ಅಸಲಿ ಸಂಖ್ಯೆಯನ್ನೇ ಅಚ್ಚು ಹಾಕಿಸಬಹುದು.

3. ದಪ್ಪ ಓದಿ. ಲೇಬಲ್‌ನಲ್ಲಿ 1.5, 2.5, 4 ಎಂದು ಚದರ ಮಿಲಿಮೀಟರ್‌ನಲ್ಲಿರುತ್ತದೆ. ಹಳೆಯ ಎಲೆಕ್ಟ್ರಿಷಿಯನ್ನರು 3/20 ಎಂದರೆ 20 ಗೇಜಿನ ಮೂರು ಎಳೆ, ಅಂದರೆ ಸುಮಾರು 2 ಚದರ ಮಿಮೀ. ಅದರ ಬದಲಿಗೆ 2.5 ತೆಗೆದುಕೊಳ್ಳಿ, 1.5 ಅಲ್ಲ.

4. ಕೋಣೆಯ ಲೋಡ್ ಲೆಕ್ಕ ಹಾಕಿ. ವಾಟ್ಸನ್ನು 230ರಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. ಫ್ಯಾನ್, ಲೈಟ್, ಟಿವಿ ಸೇರಿ 250 ವಾಟ್ ಎಂದರೆ ಒಂದು ಆಂಪಿಯರ್‌ಗಿಂತ ಸ್ವಲ್ಪ ಹೆಚ್ಚು, 1.5 ವೈರ್, 10 ಆಂಪಿಯರ್ ಎಂಸಿಬಿ ಸಾಕು. 2000 ವಾಟ್‌ನ ಗೀಸರ್ 8.7 ಆಂಪಿಯರ್ ಎಳೆಯುತ್ತದೆ. ಮುಂದೆ 3000 ವಾಟ್‌ನದು ತಂದರೆ 13 ಆಗುತ್ತದೆ. ಪೈಪಿನೊಳಗಿನ 1.5 ವೈರಿಗೆ ಅದೇ ಅಂಚು. ಗಂಟೆಗಟ್ಟಲೆ ಉರಿಸಿದರೆ ಬಿಸಿಯಾಗುತ್ತದೆ. ಆದ್ದರಿಂದ ಗೀಸರ್‌ಗೆ 2.5ರ ಪ್ರತ್ಯೇಕ ಲೈನ್, 16 ಆಂಪಿಯರ್ ಎಂಸಿಬಿ ಹಾಕಿಸಿ.

5. ಕಾಯಿಲ್ ಬಂದ ಮೇಲೆ ತೂಗಿ. 90 ಮೀಟರ್‌ನ 2.5 ವೈರಿನಲ್ಲಿ ತಾಮ್ರವೇ ಸುಮಾರು 2 ಕೆಜಿ ಇರಬೇಕು; ಮೇಲಿನ ಪ್ಲಾಸ್ಟಿಕ್ ತೂಕ ಬೇರೆ. ಇಡೀ ಕಾಯಿಲ್ 2 ಕೆಜಿಗೂ ಕಡಿಮೆ ತೂಗಿದರೆ ಉದ್ದದಲ್ಲೋ ದಪ್ಪದಲ್ಲೋ ಲೋಹದಲ್ಲೋ ಮೋಸವಿದೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ: ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ಅಂಥ ಕಾಯಿಲನ್ನು ಬಿಲ್ ಸಮೇತ ವಾಪಸ್ ಕೊಡಿ, ಪೈಪಿಗೆ ಎಳೆಸಬೇಡಿ.