ಡೊಮೇನ್ ಕೊಂಡವರ ಯಾವ ವಿವರ ಯಾರಿಗೆ ಕಾಣುತ್ತದೆ?

ಪ್ರಶ್ನೆ: ಮನೆಯಲ್ಲೇ ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರುತ್ತೇನೆ. ಈಚೆಗೆ ಒಂದು ಡಾಟ್ ಇನ್ ಡೊಮೇನ್ ಕೊಂಡು ಚಿಕ್ಕ ವೆಬ್‌ಸೈಟ್ ಮಾಡಿಸಿದೆ. ವಾರ ಕಳೆಯುವುದರೊಳಗೆ ಅಪರಿಚಿತರ ಫೋನ್ ಶುರುವಾಯಿತು. ನನ್ನ ಹೆಸರು ಹಿಡಿದೇ ಮಾತಾಡುತ್ತಾರೆ, ಸೈಟನ್ನು ಗೂಗಲ್‌ನಲ್ಲಿ ಮೇಲೆ ತರುತ್ತೇವೆ ಎನ್ನುತ್ತಾರೆ. ಮನೆ ವಿಳಾಸವೂ ಬಯಲಾಗಿದೆಯೇ ಎಂದು ಹೆದರಿಕೆ. ಪ್ರೈವೆಸಿ ಪ್ರೊಟೆಕ್ಷನ್ ಕೊಳ್ಳೋಣವೆಂದರೆ ಆ ಆಯ್ಕೆಯೇ ಕಾಣುತ್ತಿಲ್ಲ. ಸುಳ್ಳು ವಿಳಾಸ ಹಾಕಿಬಿಡಲೇ?
— ಓದುಗಿ, ಶಿರಸಿ

ಉತ್ತರ: ಮನೆ ವಿಳಾಸ ಬಯಲಾಗಿಲ್ಲ. ನೀವು ಬರೆದುಕೊಟ್ಟ ಡೊಮೇನ್ ಹೆಸರನ್ನು ಡಾಟ್ ಇನ್ ನೋಂದಣಿಯ ತಾಣವಾದ registry.in ನಲ್ಲಿ ಹಾಕಿ ನೋಡಿದೆ. ಯಾವ ಡೊಮೇನಿನ ದಾಖಲೆಯನ್ನಾದರೂ ಯಾರು ಬೇಕಾದರೂ ಹೀಗೆ ತೆರೆದು ನೋಡಬಹುದು. ಇದಕ್ಕೆ ಹೂಈಸ್ ಎನ್ನುತ್ತಾರೆ. ನಿಮ್ಮ ದಾಖಲೆಯಲ್ಲಿ ಮುಖ್ಯವಾದ ಸಾಲುಗಳು ಹೀಗಿವೆ:

```
Registrant Name: REDACTED FOR PRIVACY
Registrant Organization: (ಇಲ್ಲಿ ನಿಮ್ಮ ಪೂರ್ತಿ ಹೆಸರಿದೆ)
Registrant Street: REDACTED FOR PRIVACY
Registrant City: REDACTED FOR PRIVACY
Registrant State/Province: Karnataka
Registrant Phone: REDACTED FOR PRIVACY
Registrant Country: IN
```

ಹೆಸರು, ಬೀದಿ, ಊರು, ಫೋನ್ ಎಲ್ಲವನ್ನೂ ನೋಂದಣಿಯವರೇ ಮುಚ್ಚಿದ್ದಾರೆ. ಇಮೇಲ್ ಇರಬೇಕಾದ ಕಡೆ ರಿಜಿಸ್ಟ್ರಾರನ್ನು ಸಂಪರ್ಕಿಸಿ ಎಂಬ ಮಾತಿದೆ. ವಿಳಾಸದಲ್ಲಿ ರಾಜ್ಯ ಮತ್ತು ದೇಶ ಮಾತ್ರ ತೆರೆದಿವೆ. ಜೊತೆಗೆ ಡೊಮೇನ್ ಕೊಂಡ ದಿನ, ಮುಗಿಯುವ ದಿನ, ಯಾವ ರಿಜಿಸ್ಟ್ರಾರ್, ಯಾವ ನೇಮ್ ಸರ್ವರ್ ಎಂಬುದೂ ಕಾಣುತ್ತದೆ. ಅದು ಎಲ್ಲರದ್ದೂ ಕಾಣುತ್ತದೆ, ಅದರಿಂದ ಅಪಾಯವಿಲ್ಲ.

ತೊಂದರೆ ಇರುವುದು ಎರಡನೆಯ ಸಾಲಿನಲ್ಲಿ. ಫಾರ್ಮ್ ತುಂಬುವಾಗ ಸಂಸ್ಥೆ ಎಂಬ ಖಾನೆಯನ್ನು ಖಾಲಿ ಬಿಡಬಾರದೆಂದು ನಿಮ್ಮ ಹೆಸರನ್ನೇ ಮತ್ತೊಮ್ಮೆ ಬರೆದಿದ್ದೀರಿ. ಸಂಸ್ಥೆಯ ಹೆಸರು ವೈಯಕ್ತಿಕ ವಿವರವಲ್ಲ ಎಂಬ ಲೆಕ್ಕದಲ್ಲಿ ಆ ಖಾನೆಯನ್ನು ಮುಚ್ಚುವುದಿಲ್ಲ. ಹಾಗಾಗಿ ಮೇಲಿನ ಸಾಲಿನಲ್ಲಿ ಮುಚ್ಚಿದ ಹೆಸರು ಕೆಳಗಿನ ಸಾಲಿನಲ್ಲಿ ಬಯಲಾಗಿದೆ. ಮನೆಯಿಂದ ವ್ಯಾಪಾರ ಮಾಡುವವರ ದಾಖಲೆಗಳಲ್ಲಿ ನಾನು ಹೆಚ್ಚಾಗಿ ಕಾಣುವ ತಪ್ಪು ಇದು.

ಹಾಗಾದರೆ ಫೋನ್ ನಂಬರ್ ಎಲ್ಲಿ ಸಿಕ್ಕಿತು? ದಾಖಲೆಯಲ್ಲಂತೂ ಅಲ್ಲ. ಸೈಟಿಗೆ ಬೀಗದ ಗುರುತು ಬರಲು ಎಸ್‌ಎಸ್‌ಎಲ್ ಸರ್ಟಿಫಿಕೇಟ್ ಪಡೆಯುತ್ತೇವಲ್ಲ, ಅದನ್ನು ಕೊಟ್ಟ ಕೂಡಲೇ ಡೊಮೇನಿನ ಹೆಸರು ಎಲ್ಲರೂ ಓದಬಹುದಾದ ಲಾಗ್‌ಗಳಿಗೆ ಸೇರುತ್ತದೆ. ಹೊಸ ಸೈಟುಗಳನ್ನು ಹುಡುಕುವವರು ಅಲ್ಲಿಂದ ಹೆಸರು ಹೆಕ್ಕಿ, ದಾಖಲೆ ತೆರೆದು, ಯಜಮಾನರ ಹೆಸರು ನೋಡಿಕೊಳ್ಳಬಹುದು. ನಂಬರಿಗಾಗಿ ಅವರು ದೂರ ಹೋಗಬೇಕಾಗಿಲ್ಲ: ಆರ್ಡರ್ ಕೊಡಲೆಂದು ನಿಮ್ಮ ಸೈಟಿನಲ್ಲೇ ವಾಟ್ಸಾಪ್ ನಂಬರ್ ಹಾಕಿದ್ದೀರಿ. ಮನೆಯ ನಂಬರಿನ ಬದಲು ವ್ಯಾಪಾರಕ್ಕೆಂದೇ ಬೇರೊಂದು ಸಿಮ್ ಇಟ್ಟುಕೊಳ್ಳಿ. ಪ್ರೈವೆಸಿ ಪ್ರೊಟೆಕ್ಷನ್‌ಗೆ ಎಷ್ಟು ದುಡ್ಡು ಕೊಟ್ಟರೂ ಸೈಟಿನ ಮೇಲೆ ನೀವೇ ಬರೆದದ್ದನ್ನು ಅದು ಮುಚ್ಚದು.

ಆ ಆಯ್ಕೆ ಕಾಣದಿರುವುದಕ್ಕೂ ಕಾರಣವಿದೆ. ಡಾಟ್ ಇನ್ ನಡೆಸುವ ನಿಕ್ಸಿ ಸಂಸ್ಥೆ ಪ್ರೈವೆಸಿ ಸೇವೆಗಳನ್ನು ಒಪ್ಪುವುದಿಲ್ಲ. ನಿಜವಾದ ಯಜಮಾನರ ಹೆಸರೇ ನೋಂದಣಿಯಲ್ಲಿರಬೇಕು, ಹೊರಗೆ ತೋರಿಸುವಾಗ ಮುಚ್ಚಿದರಾಯಿತು ಎಂಬುದು ಅವರ ಕ್ರಮ. ಆದ್ದರಿಂದ ಸುಳ್ಳು ವಿಳಾಸ ಹಾಕಬೇಡಿ; ವಿವರ ಸುಳ್ಳೆಂದು ಗೊತ್ತಾದರೆ ಡೊಮೇನೇ ಹೋಗಬಹುದು. ನಿಮ್ಮದು ಹೇಗೂ ಮುಚ್ಚಿದ ಸಾಲು, ಅಲ್ಲಿ ಸುಳ್ಳು ಬರೆದು ಲಾಭವೂ ಇಲ್ಲ. ರಿಜಿಸ್ಟ್ರಾರ್ ಖಾತೆಗೆ ಲಾಗಿನ್ ಆಗಿ, ಸಂಪರ್ಕ ವಿವರಗಳಲ್ಲಿ ಸಂಸ್ಥೆಯ ಖಾನೆಯನ್ನು ಖಾಲಿ ಮಾಡಿ ಉಳಿಸಿ. ಖಾಲಿ ಬಿಡಲು ಬರದಿದ್ದರೆ ಅಂಗಡಿಯ ಹೆಸರು ಬರೆಯಿರಿ. ಆಮೇಲೆ ದಾಖಲೆಯನ್ನು ಮತ್ತೆ ತೆರೆದು, ಬದಲಾಗಿದೆಯೇ ಎಂದು ಕಣ್ಣಾರೆ ನೋಡಿ.

ಪ್ರಶ್ನೆ: ನಮ್ಮ ಯೋಗ ತರಗತಿಗೆ ವೆಬ್ ಡಿಸೈನರ್ ಒಬ್ಬರು ಡಾಟ್ ಕಾಮ್ ಡೊಮೇನ್ ಕೊಡಿಸಿದ್ದರು. ದುಡ್ಡು ಕೊಟ್ಟವನು ನಾನು. ಈಗ ದಾಖಲೆ ನೋಡಿದರೆ ಐಸ್‌ಲ್ಯಾಂಡ್ ದೇಶದ ರೇಕ್ಯವಿಕ್ ವಿಳಾಸ ಬರುತ್ತಿದೆ! ಡೊಮೇನ್ ಯಾರದ್ದು?
— ಓದುಗರು, ಹುಬ್ಬಳ್ಳಿ

ಉತ್ತರ: ಐಸ್‌ಲ್ಯಾಂಡಿನವರು ಕದ್ದಿಲ್ಲ. ಅದು ವಿತ್‌ಹೆಲ್ಡ್ ಫಾರ್ ಪ್ರೈವೆಸಿ ಎಂಬ ಸೇವೆಯ ವಿಳಾಸ. ನೇಮ್‌ಚೀಪ್‌ನಲ್ಲಿ ಕೊಂಡ ಸಾವಿರಾರು ಡೊಮೇನುಗಳಿಗೆ ಇದೇ ಕಾಣುತ್ತದೆ. ಡಾಟ್ ಕಾಮ್‌ನಲ್ಲಿ ಇಂಥ ಸೇವೆಗೆ ಅಡ್ಡಿಯಿಲ್ಲ. ಯಜಮಾನರ ಹೆಸರಿನ ಮುಂದೆ ಸೇವೆಯವರು ತಮ್ಮ ಹೆಸರು ನಿಲ್ಲಿಸುತ್ತಾರೆ.

ಆದರೆ ನಿಮ್ಮ ಅನುಮಾನ ಸರಿಯಾದದ್ದೇ. ಈ ಪರದೆ ಅಪರಿಚಿತರಿಂದ ಮರೆಮಾಡುವಂತೆ ನಿಮ್ಮಿಂದಲೂ ಮರೆಮಾಡುತ್ತದೆ. ಪರದೆಯ ಹಿಂದೆ ನಿಮ್ಮ ಹೆಸರಿದೆಯೋ ಡಿಸೈನರ್ ಹೆಸರಿದೆಯೋ ದಾಖಲೆಯಿಂದ ತಿಳಿಯದು. ಪತ್ತೆ ಮಾಡಲು ಒಂದು ಉಪಾಯವಿದೆ. lookup.icann.org ನಲ್ಲಿ ಡೊಮೇನ್ ಹಾಕಿ ನೋಡಿ. ಇಮೇಲ್ ಸಾಲಿನಲ್ಲಿ ಅರ್ಥವಿಲ್ಲದ ಅಕ್ಷರಗಳ ಒಂದು ವಿಳಾಸವೋ, ಒಂದು ಫಾರ್ಮಿನ ಕೊಂಡಿಯೋ ಇರುತ್ತದೆ. ಅದಕ್ಕೆ ಕಳುಹಿಸಿದ ಸಂದೇಶ ಒಳಗಿರುವ ನಿಜವಾದ ಇಮೇಲ್‌ಗೆ ಹೋಗಬೇಕು. ಬೇರೆ ಖಾತೆಯಿಂದ ಎರಡು ಸಾಲು ಬರೆದು ಕಳುಹಿಸಿ, ಸ್ಪ್ಯಾಮ್ ಫೋಲ್ಡರನ್ನೂ ಸೇರಿಸಿ ನಿಮ್ಮ ಎಲ್ಲ ಇಮೇಲ್‌ಗಳನ್ನು ನೋಡಿ. ಬಂದರೆ ನಿಶ್ಚಿಂತೆ. ಬರದಿದ್ದರೆ ನೋಂದಣಿಯಲ್ಲಿರುವುದು ಬೇರೆಯವರ ಇಮೇಲ್ ಎಂದು ಹೆಚ್ಚುಕಮ್ಮಿ ತಿಳಿಯಬಹುದು. ಡೊಮೇನ್ ಮುಗಿಯುವ ಎಚ್ಚರಿಕೆಯೂ ಅವರಿಗೇ ಹೋಗುತ್ತದೆ.

ಆಗ ಜಗಳಕ್ಕಿಳಿಯಬೇಡಿ. ಅದೇ ರಿಜಿಸ್ಟ್ರಾರ್‌ನಲ್ಲಿ ನಿಮ್ಮ ಹೆಸರಲ್ಲೊಂದು ಖಾತೆ ತೆರೆದು, ಡೊಮೇನನ್ನು ಅದಕ್ಕೆ ವರ್ಗಾಯಿಸಿಕೊಡಿ ಎಂದು ಡಿಸೈನರನ್ನು ಕೇಳಿ. ಬೇರೆ ರಿಜಿಸ್ಟ್ರಾರ್‌ಗೆ ಒಯ್ಯುವುದಕ್ಕಿಂತ ಇದು ಸುಲಭ. ಹೆಸರೋ ಇಮೇಲೋ ಬದಲಾದ ಮೇಲೆ 60 ದಿನ ಹೊರಗೆ ವರ್ಗಾಯಿಸದಂತೆ ಬೀಗ ಬೀಳಬಹುದು. ಖಾತೆ ಕೈಗೆ ಬಂದ ಮೇಲೆ ಒಳಗಿನ ಹೆಸರು, ಇಮೇಲ್ ಎರಡನ್ನೂ ನಿಮ್ಮದಾಗಿಸಿ. ಪರಿಶೀಲನೆಯ ಇಮೇಲ್ ಬಂದಾಗ ಕೊಂಡಿ ಒತ್ತಲು ಮರೆಯಬೇಡಿ. 15 ದಿನ ಸುಮ್ಮನಿದ್ದರೆ ಡೊಮೇನ್ ತಡೆಹಿಡಿಯಲ್ಪಟ್ಟು ಸೈಟ್ ನಿಲ್ಲಬಹುದು. ಡಿಸೈನರ್ ಒಪ್ಪದಿದ್ದರೆ ದುಡ್ಡು ಕಳುಹಿಸಿದ ರಸೀದಿ, ವಾಟ್ಸಾಪ್ ಮಾತುಕತೆ ಎಲ್ಲ ಜೋಪಾನವಾಗಿಟ್ಟು ವಕೀಲರನ್ನು ಕಾಣಿ. ನೀವು ಕೇಳಿದ ಮಾತ್ರಕ್ಕೆ ಪ್ರೈವೆಸಿ ಸೇವೆಯವರು ಒಳಗಿನ ಹೆಸರು ಬಿಟ್ಟುಕೊಡುವುದಿಲ್ಲ. ಕಾನೂನಿನ ದಾರಿಯಲ್ಲಿ ಕೇಳಿದರೆ ಕೊಡಬಹುದು.

ಪ್ರಶ್ನೆ: 2011ರಲ್ಲಿ ನನ್ನ ಹೆಸರಿನ ಡಾಟ್ ಕಾಮ್ ಕೊಂಡಿದ್ದೆ. ಪ್ರೈವೆಸಿ ಹಾಕಿದ್ದೇನೆ. ಆದರೂ ಹಳೆಯ ಬಾಡಿಗೆ ಮನೆಯ ವಿಳಾಸ ಎಲ್ಲೋ ಸಿಗುತ್ತಿದೆ. ಅಳಿಸಬಹುದೇ?
— ಓದುಗಿ, ಬೆಂಗಳೂರು

ಉತ್ತರ: 2018ರ ಮೇ ತಿಂಗಳವರೆಗೆ ಡಾಟ್ ಕಾಮ್ ಕೊಂಡವರ ಹೆಸರು, ವಿಳಾಸ, ಫೋನ್, ಇಮೇಲ್ ಎಲ್ಲವೂ ತೆರೆದೇ ಇರುತ್ತಿದ್ದವು, ಪ್ರೈವೆಸಿ ಸೇವೆ ಪಡೆದವರದ್ದು ಮಾತ್ರ ಮುಚ್ಚಿರುತ್ತಿತ್ತು. ಯುರೋಪಿನ ಜಿಡಿಪಿಆರ್ ಕಾನೂನು ಜಾರಿಗೆ ಬಂದಾಗ, ಡೊಮೇನ್ ವ್ಯವಸ್ಥೆಯ ಮೇಲ್ವಿಚಾರಣೆ ನಡೆಸುವ ಐಕಾನ್ ಸಂಸ್ಥೆ ವಿವರಗಳನ್ನು ಮುಚ್ಚಲು ನಿಯಮ ಮಾಡಿತು. ಅಷ್ಟರೊಳಗೆ ಕೆಲವು ಕಂಪನಿಗಳು ಹಳೆಯ ದಾಖಲೆಗಳನ್ನೆಲ್ಲ ನಕಲು ಮಾಡಿಟ್ಟುಕೊಂಡು, ಹೂಈಸ್ ಚರಿತ್ರೆ ಎಂದು ಮಾರುತ್ತಿವೆ. ನಿಮ್ಮ ವಿಳಾಸ ಸಿಗುತ್ತಿರುವುದು ಅಂಥ ಕಡೆಯೇ ಇರಬೇಕು. ಅದು ರಿಜಿಸ್ಟ್ರಾರ್ ಕೈಯಲ್ಲೂ ಐಕಾನ್ ಕೈಯಲ್ಲೂ ಇಲ್ಲ. ಆಯಾ ಕಂಪನಿಗೇ ಬರೆದು ತೆಗೆಯಲು ಕೇಳಬೇಕು, ತೆಗೆದೇ ತೆಗೆಯುತ್ತಾರೆಂಬ ಭರವಸೆ ಇಲ್ಲ.

ಮುಂದೆ ಡಾಟ್ ಕಾಮ್ ಕೊಳ್ಳುವವರು ಒಂದು ಎಚ್ಚರಿಕೆ ವಹಿಸಬಹುದು: ಡೊಮೇನ್ ಕೊಳ್ಳುವ ಹೊತ್ತಿಗೇ ಪ್ರೈವೆಸಿಯನ್ನು ಆನ್ ಮಾಡಿ. ಒಂದೇ ದಿನ ತೆರೆದಿದ್ದರೂ ನಕಲಾಗಬಹುದು. ಪ್ರೈವೆಸಿಯನ್ನು ಪ್ರತ್ಯೇಕ ಸೇವೆಯಾಗಿ ಮಾರುವ ಕಡೆ ಅದರ ಅವಧಿ ಮುಗಿಯುವ ದಿನ ಡೊಮೇನಿನ ದಿನಕ್ಕಿಂತ ಬೇರೆ ಇರಬಹುದು, ಎರಡನ್ನೂ ಬರೆದಿಟ್ಟುಕೊಳ್ಳಿ.