ಸಂಬಳದ ಲೆಕ್ಕದಲ್ಲಿ ಒಂದು ರೂಪಾಯಿ

ಜಯನಗರದ ಅಂಗಡಿಯೊಂದರ ನೌಕರನಿಗೆ ಮೂಲ ವೇತನ 10,000, ಮನೆ ಬಾಡಿಗೆ ಭತ್ಯೆ 4,000, ಇತರೆ 2,000 ರೂಪಾಯಿ ಎಂದಿಟ್ಟುಕೊಳ್ಳೋಣ. 31 ದಿನಗಳ ತಿಂಗಳಲ್ಲಿ 25 ದಿನದ ಸಂಬಳ ಸಲ್ಲಬೇಕು. ಬಾಬ್ತುಗಳು 8064.52, 3225.81, 1612.90. ಪ್ರತಿಯೊಂದನ್ನೂ ಹತ್ತಿರದ ರೂಪಾಯಿಗೆ ತಂದರೆ 8065, 3226, 1613, ಒಟ್ಟು 12,904. ಮೊತ್ತವನ್ನಷ್ಟೇ ಪೂರ್ಣಾಂಕ ಮಾಡಿದರೆ 12,903.

ಭವಿಷ್ಯನಿಧಿಗೆ 25 ದಿನದ ಮೂಲ ವೇತನದ ಶೇ 12ರಂತೆ 968 ಕಡಿತ. ಇಎಸ್‌ಐ ಶೇ 0.75, ಇಲ್ಲಿ ಪೈಸೆ ಎಷ್ಟೇ ಇರಲಿ, ಮೇಲಿನ ರೂಪಾಯಿಗೇ ಏರಿಸಬೇಕು, ಹಾಗಾಗಿ 97. ಎರಡೂ ಲೆಕ್ಕದಲ್ಲಿ ಕಡಿತ ಒಂದೇ. ಕೈಗೆ ಬರುವುದು ಮಾತ್ರ 11,839 ಅಥವಾ 11,838.

ಎಕ್ಸೆಲ್‌ನಲ್ಲಿ ದಶಾಂಶವನ್ನು ಮರೆಮಾಡಿದರೆ ಸಂಖ್ಯೆ ಬದಲಾಗದು. ಚೀಟಿಯಲ್ಲಿ 8065, 3226, 1613 ಕಾಣಿಸಿ, ಕೆಳಗೆ 12,903 ಬಂದರೆ ಆಗಿರುವುದು ಇದೇ. ಪ್ರತಿ ಬಾಬ್ತಿಗೂ `=ROUND(A2*25/31,0)` ಹಾಕಿ, ಆಮೇಲೆ ಕೂಡುವುದು ಸರಿ.