ಊಟ ಬರುವ ದಾರಿ, ಬೆಡ್‌ಪ್ಯಾನ್ ಹೋಗುವ ದಾರಿ

ದಾವಣಗೆರೆಯ ಚಿಗಟೇರಿ ಆಸ್ಪತ್ರೆಯಿರಲಿ, ಹರಿಹರದ ಸಣ್ಣ ನರ್ಸಿಂಗ್ ಹೋಮ್ ಇರಲಿ, ವಾರ್ಡಿನಲ್ಲಿ ದಿನವಿಡೀ ಎರಡು ಬಗೆಯ ಓಡಾಟ ನಡೆಯುತ್ತದೆ. ಊಟ, ಔಷಧಿ, ಒಗೆದ ಬೆಡ್‌ಶೀಟ್ ಒಳಗೆ ಬರುತ್ತವೆ. ಬೆಡ್‌ಪ್ಯಾನ್, ಕೀವಿನ ಬ್ಯಾಂಡೇಜ್, ಕೊಳೆಯಾದ ಬಟ್ಟೆ ಹೊರಗೆ ಹೋಗುತ್ತವೆ. ಇವೆರಡೂ ಎಲ್ಲಿ ಒಂದನ್ನೊಂದು ಮುಟ್ಟುತ್ತವೆಯೋ ಅಲ್ಲಿ ಒಬ್ಬರ ಸೋಂಕು ಇನ್ನೊಬ್ಬರಿಗೆ ದಾಟುತ್ತದೆ.

ಹರಿಹರದಲ್ಲಿ ನಿಮ್ಮ ಜಮಾಅತ್ ಹತ್ತು ಹಾಸಿಗೆಯ ಆಸ್ಪತ್ರೆ ಕಟ್ಟಲು ಹೊರಟಿದೆ ಎಂದುಕೊಳ್ಳಿ. ನಿವೇಶನ ಕಿರಿದು, ಪಶ್ಚಿಮಕ್ಕೆ ರಸ್ತೆ, ಪೂರ್ವಕ್ಕೆ ಹಿತ್ತಲು. ಎರಡು ಕಾರಿಡಾರ್‌ಗೆ ಜಾಗವಿಲ್ಲ. ಹಾಗಿದ್ದರೂ ಚಿಂತೆಯಿಲ್ಲ, ಎಂಟು ಅಡಿ ಅಗಲದ ಒಂದೇ ಕಾರಿಡಾರ್ ಸಾಕು, ಕೋಣೆಗಳ ಸಾಲು ಸರಿಯಾಗಿರಬೇಕು. ರಸ್ತೆಯ ಕಡೆ ಹೊರರೋಗಿ ವಿಭಾಗ, ಅದರ ಹಿಂದೆ ಔಷಧಿ ಕೋಣೆ ಮತ್ತು ನರ್ಸ್ ಮೇಜು, ನಂತರ ಹಾಸಿಗೆಗಳು, ಕೊನೆಗೆ ಹಿತ್ತಲ ಬಾಗಿಲಿರುವ ಕೊಳೆ ಕೋಣೆ. ಹೀಗಾದರೆ ಕೊಳೆ ಹಿಂದಕ್ಕೇ ಹೋಗುತ್ತದೆ, ಮುಂದಕ್ಕೆ ಬರುವುದಿಲ್ಲ. ಮಳೆಗಾಲದ ಪಡುಗಾಳಿಯೂ ಅದೇ ದಿಕ್ಕಿಗೆ ಬೀಸುತ್ತದೆ. ಚಳಿಗಾಲದಲ್ಲಿ ಗಾಳಿ ತಿರುಗುವುದರಿಂದ ಆ ಕೋಣೆಗೆ ತಾನಾಗಿ ಮುಚ್ಚುವ ಬಾಗಿಲು ಮತ್ತು ಹೊರಕ್ಕೆ ಗಾಳಿ ತಳ್ಳುವ ಫ್ಯಾನ್ ಬೇಕು.

ಒಂದು ಪೈಪಿನ ಖರ್ಚು ಉಳಿಸಲು ಬೆಡ್‌ಪ್ಯಾನ್ ತೊಳೆಯುವ ಸಿಂಕನ್ನು ಔಷಧಿ ಕೋಣೆಯಲ್ಲೇ ಇಡುವುದುಂಟು. ಸಿಂಕಿನ ಹನಿಗಳು ಸುಮಾರು ಒಂದು ಮೀಟರ್ ದೂರ ಸಿಡಿದು, ಇಂಜೆಕ್ಷನ್ ಸಿದ್ಧಪಡಿಸುವ ಟ್ರೇ ಮೇಲೆ ಬೀಳಬಹುದು. ನೋಡಲು ಟ್ರೇ ಸ್ವಚ್ಛವಾಗಿಯೇ ಕಾಣುತ್ತದೆ. ಕೈತೊಳೆಯುವ ಬೇಸಿನ್ ಕೂಡ ಬೇರೆಯೇ ಇರಬೇಕು. ರೋಗಿಯ ಕಡೆಯವರಿಗೆ ವುಝೂ ಮಾಡಲು ಮುಂಬಾಗಿಲ ಬಳಿ ನಲ್ಲಿಗಳನ್ನು ಕೊಡಿ. ಇಲ್ಲವಾದರೆ ಅವರು ವಾರ್ಡಿನ ಬೇಸಿನ್‌ಗೇ ಬರುತ್ತಾರೆ, ನೆಲ ಒದ್ದೆಯಾಗಿ ಕೊಳೆ ಕಾಲಿನೊಂದಿಗೆ ಎಲ್ಲೆಡೆ ಹರಡುತ್ತದೆ.

ಕಾರಿಡಾರ್ ಒಂದೇ ಆದ್ದರಿಂದ ಕೊಳೆಯನ್ನು ಹಾಸಿಗೆಯ ಪಕ್ಕದಲ್ಲೇ ಮುಚ್ಚಬೇಕು. ಬೆಡ್‌ಪ್ಯಾನ್‌ಗೆ ಮುಚ್ಚಳ, ಬೆಡ್‌ಶೀಟ್‌ಗೆ ಬಾಯಿ ಕಟ್ಟಿದ ಚೀಲ, ರಕ್ತದ ಹತ್ತಿಗೆ ಹಳದಿ ಚೀಲ. ಊಟದ ಹೊತ್ತಿಗೆ ಕಸದ ಗಾಡಿ ಹೊರಡಬಾರದು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಹಳದಿ ಚೀಲವನ್ನು 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ; ಹಾಗಾಗಿ ಅದನ್ನು ಒಯ್ಯುವ ವಾಹನ ಹಿತ್ತಲ ಬಾಗಿಲಿಗೇ ಬರುವಂತಿರಬೇಕು.

ಹೊರರೋಗಿಗಳು ಚೀಟಿ, ವೈದ್ಯರು, ಔಷಧಿ ಮುಗಿಸಿ ವಾರ್ಡಿಗೆ ಕಾಲಿಡದೆ ರಸ್ತೆಗೆ ಮರಳಬೇಕು. ಕೆಮ್ಮುವವರನ್ನು ಚೀಟಿ ಕೊಡುವಲ್ಲೇ ಗುರುತಿಸಿ, ತೆರೆದ ಜಗಲಿಯಲ್ಲಿ ಕೂರಿಸಿ. ಮೂತ್ರದ ಮಾದರಿ ಕೊಡುವ ಶೌಚಾಲಯ ಲ್ಯಾಬಿಗೆ ಅಂಟಿಕೊಂಡಿದ್ದು, ನಡುಗೋಡೆಯಲ್ಲಿ ಸಣ್ಣ ಕಿಟಕಿಯಿದ್ದರೆ ಬಾಟಲಿ ಹಿಡಿದು ಜನರ ನಡುವೆ ನಡೆಯಬೇಕಾಗಿಲ್ಲ.

ನಕ್ಷೆಗೆ ಒಪ್ಪಿಗೆ ಕೊಡುವ ಮುನ್ನ ಎರಡು ಪೆನ್ಸಿಲ್ ಹಿಡಿಯಿರಿ. ಊಟ, ಔಷಧಿ, ಒಗೆದ ಬಟ್ಟೆ ಬರುವ ದಾರಿಯನ್ನು ನೀಲಿಯಲ್ಲಿ, ಕೊಳೆ ಹೋಗುವ ದಾರಿಯನ್ನು ಕೆಂಪಿನಲ್ಲಿ ಎಳೆಯಿರಿ. ಕಾರಿಡಾರಿನಲ್ಲಿ ಗೆರೆಗಳು ಜೊತೆಯಾದರೆ ಮುಚ್ಚಳ ಮತ್ತು ಸಮಯದಿಂದ ಸಂಭಾಳಿಸಬಹುದು. ಒಂದೇ ಕೋಣೆಯೊಳಗೆ ಎರಡೂ ಹೊಕ್ಕರೆ ಆ ಗೋಡೆಯನ್ನು ಕಾಗದದ ಮೇಲೇ ಬದಲಿಸಿ.